ಮಗಳು ಹೋಗಿ ಸೊಸೆ ಬಂದ ಪುಟ

ನಮ್ಮ ಅಜ್ಜನ ನೆನಪಿಗೆ 2004ರಲ್ಲಿ ಮನೆಯವರೇ ಸೇರಿ ಒಂದು ಪುಟ್ಟ ಪುಸ್ತಕ ಅಚ್ಚು ಹಾಕಿಸಿದ್ದರು. ಅದರ 14ನೇ ಪುಟದಲ್ಲಿ ಚಿಕ್ಕಮ್ಮನ ಹೆಸರಿನ ಹಿಂದೆ ‘ಸೊಸೆ’ ಇರಬೇಕಾದ ಜಾಗದಲ್ಲಿ ‘ಮಗಳು’ ಎಂದು ಬಿದ್ದಿದೆ. ಹಾಗೆ ಓದಿದರೆ ಚಿಕ್ಕಪ್ಪನೂ ಚಿಕ್ಕಮ್ಮನೂ ಒಡಹುಟ್ಟಿದವರಾಗುತ್ತಾರೆ! ಇಪ್ಪತ್ತು ವರ್ಷದಿಂದ ಮನೆಯ ಹಬ್ಬಗಳಲ್ಲಿ ಇದೊಂದು ನಗೆಹನಿ. ಮೊನ್ನೆ ನೆಂಟರಿಗೆಲ್ಲ ಕಳಿಸಲೆಂದು ಪುಸ್ತಕ ಸ್ಕ್ಯಾನ್ ಮಾಡಿಸಿ ಪಿಡಿಎಫ್ ಮಾಡಿದಾಗ ಚಿಕ್ಕಮ್ಮ, ‘ಈಗಲಾದರೂ ನನ್ನನ್ನ ಸೊಸೆ ಮಾಡ್ಕೊಳ್ರಪ್ಪ’ ಎಂದರು. ಡಿಟಿಪಿ ಮಾಡಿದ ಮೂಲ ಕಡತ ಪ್ರೆಸ್ಸಿನ ಹಳೆಯ ಕಂಪ್ಯೂಟರಿನ ಜೊತೆಗೇ ಹೋಗಿತ್ತು. ನಮ್ಮ ಕೈಲಿದ್ದದ್ದು ಪುಟಗಳ ಚಿತ್ರ ಮಾತ್ರ.

ಸ್ಕ್ಯಾನ್ ಮಾಡಿದ ಪುಟದಲ್ಲಿ ಅಕ್ಷರಗಳಿರುವುದಿಲ್ಲ, ಅಕ್ಷರಗಳ ಫೋಟೊ ಇರುತ್ತದೆ. ಆದ್ದರಿಂದ ಕರ್ಸರ್ ಇಟ್ಟು ಅಳಿಸಲಾಗದು. ಹಳೆಯದನ್ನು ಮುಚ್ಚಿ, ಅದರ ಮೇಲೆ ಹೊಸದನ್ನು ಬರೆಯಬೇಕು. ಅನೇಕರು ಪಿಡಿಎಫ್ ಆ್ಯಪಿನಲ್ಲೇ ಒಂದು ಬಿಳಿ ಚೌಕ ಎಳೆದು, ಮೇಲೆ ಟೈಪ್ ಮಾಡಿ ಮುಗಿಸುತ್ತಾರೆ. ನಾನೂ ಮೊದಲು ಅದನ್ನೇ ಮಾಡಿದೆ. ಹಳದಿಗಟ್ಟಿದ ಕಾಗದದ ಮೇಲೆ ಆ ಬಿಳುಪು ಅಂಗಿಗೆ ಹಾಕಿದ ತೇಪೆಯಂತೆ ಎದ್ದು ಕಂಡಿತು. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಚೌಕದ ಕೆಳಗೆ ‘ಮಗಳು’ ಹಾಗೇ ಕೂತಿದ್ದಾಳೆ. ಬೇಕಾದವರು ಚೌಕವನ್ನು ಸರಿಸಿ ನೋಡಬಹುದು. ಹಾಗಾಗಿ ಪುಟದ ಚಿತ್ರವನ್ನೇ ಹೊರತೆಗೆದು ತಿದ್ದುವುದೆಂದು ತೀರ್ಮಾನಿಸಿದೆ.

ತಿದ್ದುವ ಮೊದಲು ಕಾಗದದ ಪುಟವನ್ನೊಮ್ಮೆ ನೋಡಿಬಿಡುವುದು ಒಳ್ಳೆಯದು. ತಪ್ಪು ಅಚ್ಚಿನದೋ ಸ್ಕ್ಯಾನರಿನದೋ? ಇದು ಸುಮ್ಮನೆ ಕೇಳುವ ಪ್ರಶ್ನೆಯಲ್ಲ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರಿಸೆಲ್ ಎಂಬ ಕಂಪ್ಯೂಟರ್ ವಿಜ್ಞಾನಿ, ಜೆರಾಕ್ಸ್ ಕಂಪನಿಯ ಕೆಲವು ಯಂತ್ರಗಳು ಸ್ಕ್ಯಾನ್ ಮಾಡುವಾಗ ಅಂಕಿಗಳನ್ನೇ ಬದಲಿಸುತ್ತಿದ್ದುದನ್ನು ಪತ್ತೆ ಮಾಡಿದ್ದರು. ಕಟ್ಟಡದ ನಕ್ಷೆಯೊಂದರಲ್ಲಿ ಬೇರೆ ಬೇರೆ ಅಳತೆಯ ಕೋಣೆಗಳಿಗೆಲ್ಲ ಒಂದೇ ವಿಸ್ತೀರ್ಣ ಬಂದಿತ್ತು. ಕಡತದ ಗಾತ್ರ ಇಳಿಸಲು ಯಂತ್ರ ಒಂದೇ ಥರ ಕಾಣುವ ಗುರುತುಗಳಿಗೆಲ್ಲ ಒಂದೇ ಚಿತ್ರವನ್ನು ಬಳಸುತ್ತಿತ್ತು, ಹಾಗೆ ಬಳಸುವಾಗ ಎಡವುತ್ತಿತ್ತು. ನಮ್ಮ ಪುಟದಲ್ಲಿ ಅಂಥದ್ದೇನಿಲ್ಲ, ತಪ್ಪು ಅಚ್ಚಿನದೇ.

ಚಿತ್ರ ಹೊರತೆಗೆಯಲು ಒಂದೇ ಸಾಲು ಸಾಕು:

```
pdfimages -png -f 14 -l 14 nenapu.pdf puta
```

ಇದು ಪಿಡಿಎಫ್ ಒಳಗಿನ ಚಿತ್ರವನ್ನು ಇದ್ದ ಹಾಗೇ, ಮಸುಕಾಗಿಸದೆ, ಈಚೆ ಕೊಡುತ್ತದೆ. ನಮ್ಮ ಪುಟ ಇಂಚಿಗೆ 300 ಚುಕ್ಕಿಗಳ ಬಣ್ಣದ ಸ್ಕ್ಯಾನ್. ಅದನ್ನು ಗಿಂಪ್‌ನಲ್ಲಿ ತೆರೆದೆ. ಪುಕ್ಕಟೆ ಸಿಗುತ್ತದೆನ್ನುವುದು ಒಂದು ಕಾರಣ, ಕನ್ನಡದ ಒತ್ತಕ್ಷರಗಳನ್ನು ಒಡೆಯದೆ ಬರೆಯುತ್ತದೆನ್ನುವುದು ಇನ್ನೊಂದು. ಕೆಲವು ಆ್ಯಪುಗಳಲ್ಲಿ ‘ಅಮ್ಮ’ ಎಂದು ಹೊಡೆದರೆ ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ಬಂದು ಕೂರುತ್ತದೆ.

ಮುಚ್ಚುವ ಕೆಲಸ ಮೊದಲು. ಕಾಗದದ ಬಣ್ಣ ಪುಟದುದ್ದಕ್ಕೂ ಒಂದೇ ಇರುವುದಿಲ್ಲ. ಹೊಲಿಗೆಯ ಕಡೆ ಹೋದಂತೆ ನೆರಳು ಗಾಢವಾಗುತ್ತದೆ. ಅಂಚಿನ ಖಾಲಿ ಜಾಗದಿಂದ ತುಂಡು ತಂದರೆ ಬಣ್ಣ ಕೂಡುವುದಿಲ್ಲ. ಆ ಪದದ ನೇರ ಕೆಳಗೆ, ಎರಡು ಪ್ಯಾರಾಗಳ ನಡುವೆ ಬಿಟ್ಟ ಜಾಗದಿಂದ ಒಂದು ತುಂಡು ನಕಲು ಮಾಡಿ, ಅದರ ಅಂಚನ್ನು ನಾಲ್ಕು ಚುಕ್ಕಿಯಷ್ಟು ಮಸುಕಾಗಿಸಿ ‘ಮಗಳು’ ಮೇಲೆ ಹೊದಿಸಿದೆ. ಹೊಲಿಗೆಯಿಂದ ಎರಡೂ ಒಂದೇ ದೂರದಲ್ಲಿರುವುದರಿಂದ ನೆರಳೂ ಒಂದೇ.

ಆಮೇಲೆ ಅಕ್ಷರ. 2004ರ ಪುಸ್ತಕ, ‘ನುಡಿ’ ಇರಬಹುದೆಂದು ಊಹಿಸಿದೆ. ತಲೆಕಟ್ಟಿನ ಬಾಗು, ‘ಳ’ದ ಕೊಕ್ಕೆ, ‘ಸ’ದ ಹೊಟ್ಟೆ ಈ ಮೂರನ್ನು ಹೋಲಿಸಿದರೆ ಸಾಮಾನ್ಯವಾಗಿ ಫಾಂಟಿನ ಗುಟ್ಟು ರಟ್ಟಾಗುತ್ತದೆ. ಆಗಿನ ನುಡಿ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗಿದ್ದವು. ಯೂನಿಕೋಡ್ ಕೀಲಿಮಣೆಯಲ್ಲಿ ಹೊಡೆದರೆ ಅವು ಓಗೊಡುವುದಿಲ್ಲ. ಅದರ ಯೂನಿಕೋಡ್ ರೂಪ `NudiUni01e` ಹಾಕಿಕೊಂಡೆ.

ಗಾತ್ರವನ್ನು ಕಣ್ಣಂದಾಜಿನಲ್ಲಿ ಹಿಡಿಯಹೋಗಿ ನಾನು ಅರ್ಧ ದಿನ ಕಳೆದೆ. ಹಿಡಿಯುವ ಸುಲಭದ ದಾರಿ ಬೇರೆಯೇ ಇದೆ. ಪುಟದಲ್ಲಿ ಸರಿಯಾಗಿಯೇ ಇರುವ ಒಂದು ಪದವನ್ನು ಮೊದಲು ಟೈಪ್ ಮಾಡಿ ಅಳೆಯಬೇಕು. ಅಜ್ಜ ಸಹಕಾರ ಸಂಘದ ಕಾರ್ಯದರ್ಶಿಯಾಗಿದ್ದವರು, ಆದ್ದರಿಂದ ಅದೇ ಪುಟದಲ್ಲಿ ‘ಸೊಸೈಟಿ’ ಇತ್ತು. ‘ಸೊ’ ಕೂಡ ಅದರಲ್ಲೇ ಇದ್ದದ್ದು ಅದೃಷ್ಟ. 12 ಪಾಯಿಂಟ್ ಅಂದರೆ 300ರ ಸ್ಕ್ಯಾನಿನಲ್ಲಿ 50 ಚುಕ್ಕಿ. ಆ ಗಾತ್ರದಲ್ಲಿ ನಾನು ಹೊಡೆದ ‘ಸೊಸೈಟಿ’ 200 ಚುಕ್ಕಿ ಅಗಲ ಬಂತು, ಅಚ್ಚಿನದು 212 ಇತ್ತು. ಅಂದರೆ 50ನ್ನು 53 ಮಾಡಬೇಕು. ಅಕ್ಷರದ ಪದರವನ್ನು ಅರ್ಧ ಪಾರದರ್ಶಕ ಮಾಡಿ ಅಚ್ಚಿನ ಪದದ ಮೇಲೇ ಇಟ್ಟು ನೋಡಿದೆ. ಸೊಸೈಟಿಯ ಮೇಲೆ ಸೊಸೈಟಿ ಕೂತಿತು. ಆಮೇಲೆ ಅದನ್ನೇ ‘ಸೊಸೆ’ ಎಂದು ಬದಲಿಸಿ ಅದರ ಜಾಗಕ್ಕೆ ಒಯ್ದೆ.

ಆದರೂ ಏನೋ ಎಡವಟ್ಟು. ಪದ ಸಾಲಿನಲ್ಲಿ ನಿಂತಿದ್ದರೂ ಪಕ್ಕದವರ ಜೊತೆ ನಿಂತಂತಿರಲಿಲ್ಲ. ಅಳೆದು ನೋಡಿದರೆ ಸ್ಕ್ಯಾನ್ ಮಾಡುವಾಗ ಪುಟ ತುಸು ವಾಲಿತ್ತು: 1400 ಚುಕ್ಕಿಯ ಸಾಲು ಕೊನೆಗೆ ಬರುವಷ್ಟರಲ್ಲಿ 10 ಚುಕ್ಕಿ ಕೆಳಗಿಳಿದಿತ್ತು, ಅಂದರೆ 0.4 ಡಿಗ್ರಿ. ಹೊಸ ಪದವನ್ನೂ ಅಷ್ಟೇ ವಾಲಿಸಿದೆ. ಕಪ್ಪೂ ಕಪ್ಪಾಗಿರಲಿಲ್ಲ. ಪಕ್ಕದ ಅಕ್ಷರದ ದಪ್ಪ ಭಾಗದಿಂದ ಬಣ್ಣ ಎತ್ತಿಕೊಂಡಾಗ ಸಿಕ್ಕಿದ್ದು ಕಂದು ಬೆರೆತ ಮಸಿ. ಕೊನೆಗೆ ಅಂಚನ್ನು 0.8 ಚುಕ್ಕಿಯಷ್ಟು ಮಸುಕಾಗಿಸಿ, ಚೂರು ಒರಟುತನ ಬೆರೆಸಿದೆ. ಪುಟವನ್ನು ಬರೀ ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದ್ದರೆ ಈ ಮಸುಕು ಬೇಡ, ಅಲ್ಲಿ ಅಂಚು ಗಡುಸಾಗಿಯೇ ಇರಬೇಕು. ‘ಸೊಸೆ’ ‘ಮಗಳು’ಗಿಂತ ಸಣ್ಣ ಪದ, 24 ಚುಕ್ಕಿ ಮಿಕ್ಕಿತು. ಎರಡೂ ಬದಿಗೆ ಒಂದೊಂದು ಮಿಲಿಮೀಟರ್ ಹಂಚಿದರೆ ಕಣ್ಣಿಗೆ ಬೀಳುವುದಿಲ್ಲ. ಸಣ್ಣದರ ಜಾಗಕ್ಕೆ ದೊಡ್ಡ ಪದ ಬರಬೇಕಾಗಿದ್ದರೆ ಇಡೀ ಸಾಲಿನ ಪದಗಳನ್ನು ಒಂದೊಂದಾಗಿ ಕತ್ತರಿಸಿ ಸರಿಸಬೇಕಿತ್ತು, ಅದು ತಾಳ್ಮೆಗೆ ಪರೀಕ್ಷೆ.

ಪದರಗಳನ್ನೆಲ್ಲ ಒಂದಾಗಿಸಿ, ಪಿಎನ್‌ಜಿಯಾಗಿಯೇ ಉಳಿಸಿ, ಪುಟವನ್ನು ಮತ್ತೆ ಪುಸ್ತಕಕ್ಕೆ ಸೇರಿಸಿದೆ:

```
img2pdf --pagesize A5 puta-000.png -o p14.pdf
qpdf nenapu.pdf --pages . 1-13 p14.pdf 1 . 15-z -- hosa.pdf
```

ಹುಡುಕಲು ಬರುವಂಥ ಪಿಡಿಎಫ್ ಆಗಿದ್ದರೆ ಚಿತ್ರದ ಹಿಂದೆ ಕಾಣದ ಅಕ್ಷರಗಳ ಪದರ ಒಂದಿರುತ್ತದೆ. ಮೇಲೆ ಮಾತ್ರ ತೇಪೆ ಹಾಕಿದರೆ ಹುಡುಕಿದಾಗ ‘ಮಗಳು’ ಮತ್ತೆ ಎದ್ದು ಬರುತ್ತಾಳೆ. ಪುಟವನ್ನೇ ಬದಲಿಸಿದ್ದರಿಂದ ಆ ಪದರವೂ ಹೋಯಿತು. `ocrmypdf -l kan --skip-text` ಓಡಿಸಿ ಆ ಒಂದು ಪುಟಕ್ಕೆ ಹೊಸದಾಗಿ ಓದಿಸಿಕೊಂಡೆ.

ಈ ಕೈಚಳಕ ಮನೆಯ ಪುಸ್ತಕಕ್ಕೆ ಸರಿ. ಅಂಕಪಟ್ಟಿಗೋ ಕ್ರಯಪತ್ರಕ್ಕೋ ಮಾಡಿದರೆ ಅದು ಫೋರ್ಜರಿ. ನೋಂದಣಿಯಾದ ಪತ್ರದ ತಪ್ಪಿಗೆ ತಿದ್ದುಪಡಿ ಪತ್ರವೇ ದಾರಿ. ನಾನೂ ಹಳೆಯ ಕಡತವನ್ನು ಬೇರೆ ಇಟ್ಟು, ಕೊನೆಯ ಪುಟದಲ್ಲಿ ‘14ನೇ ಪುಟದಲ್ಲಿ ಒಂದು ಪದ ತಿದ್ದಲಾಗಿದೆ’ ಎಂದು ಸೇರಿಸಿದ್ದೇನೆ.

ಚಿಕ್ಕಮ್ಮ ಫೋನಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿ, ‘ಗೊತ್ತೇ ಆಗಲ್ಲ ಕಣೋ’ ಎಂದರು. ಪಕ್ಕದಲ್ಲೇ ಕೂತಿದ್ದ ಚಿಕ್ಕಪ್ಪ ಕನ್ನಡಕ ಏರಿಸಿಕೊಂಡು ಅದೇ ಪುಟ ಓದಿದರು. ಸೊಸೆಯನ್ನು ದಾಟಿ ಎರಡು ಸಾಲು ಕೆಳಗೆ ಹೋಗಿ ನಿಂತರು. ‘ಅಪ್ಪ ಸೊಸೈಟಿ ಸೇರಿದ್ದು 67ರಲ್ಲಿ ಅಲ್ವೇನೋ? ಇಲ್ಲಿ 61 ಅಂತಿದೆ.’

ಪುಟದ ಬೇರೆ ಕಡೆ ಎಲ್ಲಾದರೂ 7 ಇದೆಯೇ ಎಂದು ನಾನು ಹುಡುಕತೊಡಗಿದೆ.