ಸೋತವನಿಗೂ ತೆರಿಗೆ, ಗೆದ್ದವನಿಗೂ ವಿನಾಯಿತಿ

1978ರ ಫೆಬ್ರವರಿಯಲ್ಲಿ ಅಮೆರಿಕದ ಇಲಿನಾಯ್ ಕಡೆಯ ರಾಬರ್ಟ್ ಗ್ರೋಟ್ಜಿಂಗರ್ ಎಂಬಾತನ ಕೆಲಸ ಹೋಯಿತು. ಒಂದೇ ಕಂಪನಿಯಲ್ಲಿ ಇಪ್ಪತ್ತು ವರ್ಷ ದುಡಿದಿದ್ದವನು ಬೇರೆ ನೌಕರಿ ಹುಡುಕದೆ ನಾಯಿ ಓಟದ ಜೂಜಿಗೆ ಇಳಿದ. ವಾರಕ್ಕೆ ಆರು ದಿನ ಟ್ರ್ಯಾಕ್‌ಗೆ ಹೋಗುವುದು, ಉಳಿದ ಹೊತ್ತಿನಲ್ಲಿ ಓಟದ ವಿವರಗಳನ್ನು ಓದುವುದು, ಎಲ್ಲ ಸೇರಿ ವಾರಕ್ಕೆ 60ರಿಂದ 80 ಗಂಟೆ ಅದೇ ಕೆಲಸ. ವರ್ಷದ ಕೊನೆಗೆ ಕಟ್ಟಿದ್ದ ಬಾಜಿ 72,032 ಡಾಲರ್, ಗೆದ್ದದ್ದು 70,000. ಅಲ್ಲಿಗೆ 2,032 ಡಾಲರ್ ನಷ್ಟ.

ಆದರೂ ತೆರಿಗೆ ಇಲಾಖೆ ಅವನಿಂದ ತೆರಿಗೆ ಕೇಳಿತು. ಜೂಜು ಅವನ ವೃತ್ತಿಯಲ್ಲ, ಆದ್ದರಿಂದ ಸೋಲನ್ನು ವ್ಯಾಪಾರದ ಖರ್ಚಿನಂತೆ ಕಳೆಯಲಾಗದು ಎಂಬುದು ಇಲಾಖೆಯ ನಿಲುವು. ವಿವಾದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1987ರಲ್ಲಿ ತೀರ್ಪು ಅವನ ಪರವಾಗಿ ಬಂತು. ದಿನದ ಗೆಲುವು, ಸೋಲನ್ನೆಲ್ಲ ಅವನು ಪುಸ್ತಕದಲ್ಲಿ ಬರೆದಿಡುತ್ತಿದ್ದ ಎಂಬುದನ್ನೂ ನ್ಯಾಯಾಲಯ ತೀರ್ಪಿನಲ್ಲಿ ದಾಖಲಿಸಿತು.

ಅದೇ ಪುಸ್ತಕವನ್ನು ಲಂಡನ್ನಿನ ಅಧಿಕಾರಿಯ ಮುಂದಿಟ್ಟಿದ್ದರೆ ಅವರು ತೆರೆದೂ ನೋಡುತ್ತಿರಲಿಲ್ಲ. ಬೆಂಗಳೂರಿನ ಅಧಿಕಾರಿ ತೆರೆಯುತ್ತಿದ್ದರು, ಆದರೆ ಗೆಲುವಿನ ಕಾಲಂ ಮಾತ್ರ ಓದಿ ಮುಚ್ಚುತ್ತಿದ್ದರು.

ಭಾರತದ ಕಾನೂನು ಈ ವಿಷಯದಲ್ಲಿ ಬಹಳ ಕಾಲದಿಂದ ಬಿಗಿ. ಕೇರಳ ಲಾಟರಿಯಲ್ಲಿ ಒಬ್ಬರಿಗೆ ಒಂದು ಲಕ್ಷ ಬಂತೆನ್ನಿ. ಆ ವರ್ಷ ಟಿಕೆಟ್‌ಗೆಂದೇ ಅವರು ಮೂವತ್ತು ಸಾವಿರ ಸುರಿದಿದ್ದರೂ ತೆರಿಗೆ ಪೂರ್ತಿ ಒಂದು ಲಕ್ಷದ ಮೇಲೆಯೇ. ದರ ಶೇ. 30, ಅದರ ಮೇಲೆ ಶೇ. 4 ಸೆಸ್. ಬೇರೆ ಆದಾಯ ಏನೂ ಇಲ್ಲದಿದ್ದರೂ ಮೂಲ ವಿನಾಯಿತಿ ಮಿತಿಯ ಲಾಭ ಇದಕ್ಕೆ ಸಿಗದು. ಬೆಂಗಳೂರಿನ ರೇಸ್‌ಕೋರ್ಸ್‌ನಲ್ಲಿ ಇನ್ನೊಂದು ವಿಚಿತ್ರ ಕಾಣಬಹುದು. ಕುದುರೆಯ ಮೇಲೆ ಬಾಜಿ ಕಟ್ಟಿದವರು ಕಳೆದುಕೊಂಡ ಹಣವನ್ನು ಗೆದ್ದ ಹಣದಿಂದ ಕಳೆಯುವಂತಿಲ್ಲ. ಅದೇ ಓಟದಲ್ಲಿ ಓಡಿದ ಕುದುರೆಯ ಮಾಲೀಕರು ಮಾತ್ರ ಅದನ್ನು ಸಾಕಿದ ಖರ್ಚನ್ನು ಆ ಆದಾಯದಲ್ಲಿ ಕಳೆದು ತೋರಿಸಬಹುದು. ಮಾಲೀಕರದು ಉದ್ಯಮ, ಬಾಜಿ ಕಟ್ಟುವವರದು ಅದೃಷ್ಟ ಎಂಬುದು ಕಾನೂನಿನ ಎಣಿಕೆ.

ಈ ಬಿಗಿ ಸ್ವಲ್ಪ ಸಡಿಲವಾದದ್ದು ಆನ್‌ಲೈನ್ ಆಟಗಳ ವಿಷಯದಲ್ಲಿ. 2023ರ ಬಜೆಟ್ 115ಬಿಬಿಜೆ ಎಂಬ ಹೊಸ ಸೆಕ್ಷನ್ ತಂದು, ರಮ್ಮಿ, ಪೋಕರ್, ಫ್ಯಾಂಟಸಿ ಕ್ರಿಕೆಟ್‌ನಂಥ ಆಟಗಳಲ್ಲಿ ಪ್ರತಿ ಗೆಲುವಿಗಲ್ಲ, ವರ್ಷದ ನಿವ್ವಳ ಗೆಲುವಿಗೆ ಶೇ. 30 ತೆರಿಗೆ ಎಂದಿತು. ನಿವ್ವಳ ಗೆಲುವಿನ ಲೆಕ್ಕ ಹೀಗೆ: ವರ್ಷದಲ್ಲಿ ಖಾತೆಯಿಂದ ತೆಗೆದ ಹಣಕ್ಕೆ ಮಾರ್ಚ್ 31ರ ಅಖೈರು ಶಿಲ್ಕು ಕೂಡಿಸಬೇಕು. ಅದರಿಂದ ಕೈಯಿಂದ ಹಾಕಿದ ಜಮೆ ಮತ್ತು ಏಪ್ರಿಲ್ 1ರ ಆರಂಭಿಕ ಶಿಲ್ಕು ಕಳೆಯಬೇಕು. ಪ್ರತಿ ಆಟದ ಸೋಲು ಗೆಲುವನ್ನು ಬೇರೆಬೇರೆ ಕೇಳುವುದಿಲ್ಲ, ಸೋತದ್ದೆಲ್ಲ ಈ ನಾಲ್ಕು ಅಂಕಿಗಳೊಳಗೇ ತಾನಾಗಿ ಕಳೆದುಹೋಗಿರುತ್ತದೆ.

ಹುಬ್ಬಳ್ಳಿಯ ಒಬ್ಬ ಆಟಗಾರರ 2024-25ರ ಲೆಕ್ಕ ಅಂದುಕೊಳ್ಳೋಣ. ಏಪ್ರಿಲ್ 1ರಂದು ಆ್ಯಪ್‌ನಲ್ಲಿ 5,000 ರೂಪಾಯಿ ಇತ್ತು. ಜೂನ್‌ನಲ್ಲಿ 20,000 ಹಾಕಿದರು. ಆಟ ಕೈಹಿಡಿಯಿತು, ಆಗಸ್ಟ್‌ನಲ್ಲಿ 40,000 ವಿತ್‌ಡ್ರಾ ಮಾಡಲು ಹೊರಟರು. ಕಂಪನಿ ಆ ಹೊತ್ತಿನವರೆಗಿನ ಲೆಕ್ಕ ಹಾಕಿತು: 40,000ದಿಂದ 25,000 ಕಳೆದರೆ ಗೆಲುವು 15,000. ಅದರ ಶೇ. 30, ಅಂದರೆ 4,500 ರೂಪಾಯಿಯನ್ನು ಟಿಡಿಎಸ್ ಹಿಡಿದು 35,500 ಬ್ಯಾಂಕಿಗೆ ಕಳಿಸಿತು.

ಸೆಪ್ಟೆಂಬರ್‌ನಲ್ಲಿ ಅವರು ಮತ್ತೆ 15,000 ಹಾಕಿದರು. ಈ ಸಲ ಅದೃಷ್ಟ ಕೈಕೊಟ್ಟಿತು. ಮಾರ್ಚ್ 31ಕ್ಕೆ ಉಳಿದದ್ದು 2,000. ಈಗ ಇಡೀ ವರ್ಷದ ಲೆಕ್ಕ ನೋಡಬೇಕು. ತೆಗೆದದ್ದು 40,000, ಉಳಿದದ್ದು 2,000, ಒಟ್ಟು 42,000. ಹಾಕಿದ್ದು 35,000, ಮೊದಲೇ ಇದ್ದದ್ದು 5,000, ಒಟ್ಟು 40,000. ನಿವ್ವಳ ಗೆಲುವು ಬರೀ 2,000. ಅದಕ್ಕೆ ತೆರಿಗೆ, ಸೆಸ್ ಸೇರಿ 624 ರೂಪಾಯಿ. ಆದರೆ ಹಿಡಿದದ್ದು 4,500! ಬೇರೆ ತೆರಿಗೆ ಬಾಕಿ ಇಲ್ಲದಿದ್ದರೆ ಉಳಿದ 3,876 ರೂಪಾಯಿ ರೀಫಂಡ್ ಆಗಿ ಬರಬೇಕು. ರಿಟರ್ನ್ ಸಲ್ಲಿಸದಿದ್ದರೆ ಬರುವುದಿಲ್ಲ. 26ಎಎಸ್‌ನಲ್ಲಿ ಕಂಡ 15,000ವನ್ನೇ ವರ್ಷದ ಗೆಲುವೆಂದು ತುಂಬಿದರೂ ಬರುವುದಿಲ್ಲ. ಅಲ್ಲಿರುವುದು ಆಗಸ್ಟ್‌ನ ಚಿತ್ರ, ಸೆಪ್ಟೆಂಬರ್‌ನಲ್ಲಿ ಹಾಕಿ ಕಳೆದುಕೊಂಡ ಹಣದ ಸುಳಿವೂ ಅದರಲ್ಲಿಲ್ಲ.

ಲೆಕ್ಕ ತಪ್ಪುವುದು ಸಾಮಾನ್ಯವಾಗಿ ಎರಡು ಕಡೆ. ಮೊದಲನೆಯದು ಬೋನಸ್. ಕಂಪನಿ ತಾನಾಗಿ ಕೊಟ್ಟ ಬೋನಸ್ ಆ್ಯಪ್‌ನ ಪಟ್ಟಿಯಲ್ಲಿ ಜಮೆಯಂತೆಯೇ ಕಾಣುತ್ತದೆ, ಆದರೆ ಅದು ಆಟಗಾರರ ಕೈಯಿಂದ ಹೋದ ಹಣವಲ್ಲ. ಅದನ್ನೂ ಜಮೆಗೆ ಸೇರಿಸಿದರೆ ಗೆಲುವು ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ಆ್ಯಪ್‌ನ ಲೆಡ್ಜರನ್ನು ಬ್ಯಾಂಕ್ ಅಥವಾ ಯುಪಿಐ ಸ್ಟೇಟ್‌ಮೆಂಟ್ ಪಕ್ಕ ಇಟ್ಟು ಸಾಲುಸಾಲಾಗಿ ಹೊಂದಿಸಿದರೆ ಇದು ಬೇಗ ಸಿಕ್ಕಿಬೀಳುತ್ತದೆ: ಬ್ಯಾಂಕಿನಲ್ಲಿ ಜೋಡಿ ಸಿಗದ ಜಮೆ ಬಹುಪಾಲು ಬೋನಸ್ಸೇ. ಎರಡನೆಯದು ತಾರೀಖು. ಈ ಆದಾಯವಿದ್ದವರು ಸುಲಭದ ಐಟಿಆರ್-1 ಬಳಸುವಂತಿಲ್ಲ. ಐಟಿಆರ್-2ರಲ್ಲಿ ಗೆಲುವನ್ನು ವರ್ಷದ ಐದು ಅವಧಿಗಳಿಗೆ ಹಂಚಿ ತೋರಿಸಬೇಕು. ಮುಂಗಡ ತೆರಿಗೆಯ ಬಡ್ಡಿ ನಿಂತಿರುವುದು ಅದರ ಮೇಲೆ. ಮೊತ್ತ ನೆನಪಿದ್ದು ದಿನ ಮರೆತವರು ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ವರ್ಷ ಪೂರ್ತಿ ನಷ್ಟವಾಗಿದ್ದರೆ ಗೆಲುವು ಸೊನ್ನೆ, ಅಷ್ಟೇ. ಆ ನಷ್ಟವನ್ನು ಸಂಬಳದಲ್ಲಿ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ.

2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ದೊಡ್ಡ ಆ್ಯಪ್‌ಗಳು ಹಣದ ಆಟ ನಿಲ್ಲಿಸಿದವು. ಆದರೆ ಅದೇ ವರ್ಷದ ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ಗೆಲುವಿನ ತೆರಿಗೆ, ಹಿಂದಿನ ವರ್ಷಗಳ ಬಗ್ಗೆ ಬರಬಹುದಾದ ನೋಟಿಸು ಇವೆಲ್ಲ ಹಾಗೇ ಇವೆ. ಮುಚ್ಚುತ್ತಿರುವ ಆ್ಯಪ್‌ನಿಂದ ಲೆಡ್ಜರ್ ಇಳಿಸಿಕೊಳ್ಳದವರ ಕೈಯಲ್ಲಿ ಉಳಿಯುವುದು ಬ್ಯಾಂಕಿನ ಪಟ್ಟಿ ಮಾತ್ರ. ಏಪ್ರಿಲ್ 1ರಂದು ಆ್ಯಪ್‌ನಲ್ಲಿ ಎಷ್ಟು ಶಿಲ್ಕಿತ್ತು ಎಂಬುದನ್ನು ಬ್ಯಾಂಕಿನ ಪಟ್ಟಿ ಹೇಳದು.

ಅಮೆರಿಕದಲ್ಲಿ ಸೋಲಿಗೆ ಬೆಲೆ ಇದೆ, ಆದರೆ ಷರತ್ತಿನ ಮೇಲೆ. ಅಲ್ಲಿ ಗೆಲುವನ್ನು ಪೂರ್ತಿ ಆದಾಯಕ್ಕೆ ಸೇರಿಸಿ, ಸೋಲನ್ನು ಬೇರೆ ಹಾಳೆಯಲ್ಲಿ, ಗೆದ್ದ ಮೊತ್ತದ ಮಿತಿಯೊಳಗೆ ಕಳೆಯಬೇಕು. ಟೆಕ್ಸಾಸ್‌ನಲ್ಲಿ ನೆಲೆಸಿದ, ಮದುವೆಯಾಗದ ಕನ್ನಡಿಗ ಎಂಜಿನಿಯರೊಬ್ಬರು 2025ರಲ್ಲಿ 20,000 ಡಾಲರ್ ಗೆದ್ದು ಅಷ್ಟೇ ಸೋತರು ಅನ್ನಿ. ಕೈಗೆ ಉಳಿದದ್ದು ಏನೂ ಇಲ್ಲ. ಸೋಲನ್ನು ಕಳೆಯಬೇಕೆಂದರೆ ಎಲ್ಲರಿಗೂ ಸಿಗುವ 15,750 ಡಾಲರಿನ ಪ್ರಮಾಣಿತ ಕಡಿತವನ್ನು ಅವರು ಬಿಟ್ಟುಕೊಡಬೇಕು. ಕಳೆಯಲು ಬೇರೆ ಖರ್ಚು ಇಲ್ಲದಿದ್ದರೆ 20,000ದ ಸೋಲಿನಿಂದ ನಿಜಕ್ಕೂ ಸಿಕ್ಕ ಲಾಭ 4,250 ಮಾತ್ರ. 2026ರಿಂದ ಇನ್ನೊಂದು ಕತ್ತರಿ ಬಿದ್ದಿದೆ. ಸೋಲಿನ ಶೇ. 90ರಷ್ಟನ್ನು ಮಾತ್ರ ಕಳೆಯಬಹುದು. 20,000 ಗೆದ್ದು 20,000 ಸೋತವರ ಹೆಸರಿಗೆ 2,000 ಡಾಲರ್ ಆದಾಯ ಕಾಗದದ ಮೇಲೆ ಹುಟ್ಟಿಕೊಳ್ಳುತ್ತದೆ.

ಸೋಲನ್ನು ತೋರಿಸಬೇಕಾದವರು ಆಟಗಾರರೇ ಆದ್ದರಿಂದ ಡೈರಿ ಹೇಗಿರಬೇಕೆಂದು ಅಲ್ಲಿನ ಇಲಾಖೆ 1977ರಲ್ಲೇ ತಿಳಿಸಿದೆ: ದಿನಾಂಕ, ಯಾವ ಆಟ, ಜಾಗದ ಹೆಸರು ಮತ್ತು ವಿಳಾಸ, ಜತೆಗಿದ್ದವರು ಯಾರು, ಗೆದ್ದ ಅಥವಾ ಸೋತ ಮೊತ್ತ. ಜತೆಗಿದ್ದವರ ಹೆಸರೇಕೆ ಎಂದು ಅಚ್ಚರಿಯಾಗಬಹುದು. ಸೋತ ಟಿಕೆಟ್‌ಗಳ ಕಂತೆಯೊಂದೇ ಪುರಾವೆಯಾಗದು, ಟ್ರ್ಯಾಕ್‌ನ ನೆಲದಲ್ಲಿ ಬಿದ್ದ ಟಿಕೆಟ್ ಯಾರು ಬೇಕಾದರೂ ಹೆಕ್ಕಿಕೊಳ್ಳಬಹುದಲ್ಲ!

ಬ್ರಿಟನ್ನಿನ ದಾರಿಯೇ ಬೇರೆ. 1925ರ ಗ್ರಹಾಂ ವಿರುದ್ಧ ಗ್ರೀನ್ ಪ್ರಕರಣದಲ್ಲಿ, ಮನೆಯಲ್ಲೇ ಕೂತು ಕುದುರೆಗಳ ಮೇಲೆ ಬಾಜಿ ಕಟ್ಟಿ ಅದರಿಂದಲೇ ಜೀವನ ನಡೆಸುತ್ತಿದ್ದ ವ್ಯಕ್ತಿಗೂ ಆದಾಯ ತೆರಿಗೆ ಹಾಕಲಾಗದು ಎಂದು ನ್ಯಾಯಮೂರ್ತಿ ರೌಲಟ್ ತೀರ್ಪಿತ್ತರು. ಬಾಜಿ ಕಟ್ಟುವುದು ವ್ಯಾಪಾರವಲ್ಲ ಎಂಬುದು ಅದರ ತಿರುಳು. ಇದರ ಹಿಂದೆ ಖಜಾನೆಗೂ ಒಪ್ಪುವ ಲೆಕ್ಕವಿದೆ. ಜೂಜಾಡುವವರನ್ನೆಲ್ಲ ಒಟ್ಟಿಗೆ ನೋಡಿದರೆ ಅವರು ಕಳೆದುಕೊಳ್ಳುವವರೇ, ಗಳಿಸುವುದು ಜೂಜು ನಡೆಸುವ ಕಂಪನಿ. ಗೆದ್ದವರಿಗೆ ತೆರಿಗೆ ಹಾಕಿ ಸೋತವರಿಗೆ ಕಡಿತ ಕೊಟ್ಟರೆ ಸರ್ಕಾರವೇ ಕೈಯಿಂದ ಕೊಡಬೇಕಾದೀತು. ಹಾಗಾಗಿ ಅಲ್ಲಿ ತೆರಿಗೆ ಬೀಳುವುದು ಕಂಪನಿಯ ಮೇಲೆ. 2001ರವರೆಗೆ ಬುಕ್ಕಿಗಳು ಗಿರಾಕಿಗಳಿಂದ ಶೇ. 9 ಮುರಿದುಕೊಳ್ಳುತ್ತಿದ್ದರು. ಆ ವರ್ಷ ಅದನ್ನು ಕೈಬಿಟ್ಟು ಬುಕ್ಕಿಗಳ ಒಟ್ಟು ಲಾಭಕ್ಕೆ ಶೇ. 15 ತೆರಿಗೆ ಹಾಕಿದರು. ಆನ್‌ಲೈನ್ ಕ್ಯಾಸಿನೊಗಳ ಮೇಲಿನ ಸುಂಕವನ್ನು 2026ರ ಏಪ್ರಿಲ್‌ನಿಂದ ಶೇ. 21ರಿಂದ ಶೇ. 40ಕ್ಕೆ ಏರಿಸಲಾಗಿದೆ. ಗೆದ್ದವರ ರಿಟರ್ನ್‌ನಲ್ಲಿ ಗೆಲುವಿಗೆ ಜಾಗವೇ ಇಲ್ಲ. ಆ ಹಣವನ್ನು ಬ್ಯಾಂಕಿನಲ್ಲಿಟ್ಟು ಬಡ್ಡಿ ಬಂದಾಗಷ್ಟೇ ತೆರಿಗೆಯ ಮಾತು.

ಈ ವಿನಾಯಿತಿ ಬ್ರಿಟನ್ನಿನ ತೆರಿಗೆಗೆ ಮಾತ್ರ ಎಂಬುದನ್ನು ಪ್ರವಾಸ ಹೋದವರು ಮರೆಯುವುದುಂಟು. ಭಾರತದ ನಿವಾಸಿಗೆ ಜಗತ್ತಿನ ಯಾವ ಮೂಲೆಯಲ್ಲಿ ಬಂದ ಆದಾಯವೂ ಇಲ್ಲಿನ ರಿಟರ್ನ್‌ಗೆ ಸೇರುತ್ತದೆ. ಮೈಸೂರಿನವರೊಬ್ಬರು ಲಂಡನ್ ಕ್ಯಾಸಿನೊದಲ್ಲಿ ಗೆದ್ದರೆ ಅಲ್ಲಿ ಏನೂ ಹಿಡಿಯುವುದಿಲ್ಲ, ಇಲ್ಲಿ ಶೇ. 30 ಪೂರ್ತಿ ಕಟ್ಟಬೇಕು. ಅದೇ ವ್ಯಕ್ತಿ ಲಾಸ್ ವೇಗಸ್‌ನ ಸ್ಲಾಟ್ ಯಂತ್ರದಲ್ಲಿ ದೊಡ್ಡ ಮೊತ್ತ ಗೆದ್ದರೆ ಕ್ಯಾಸಿನೊ ಸಾಮಾನ್ಯವಾಗಿ ಶೇ. 30 ಮುರಿದುಕೊಂಡು 1042-ಎಸ್ ಎಂಬ ಚೀಟಿ ಕೊಡುತ್ತದೆ. ಊರಿಗೆ ಬಂದ ಮೇಲೆ ಅದಕ್ಕೆಂದೇ ಇರುವ ಫಾರ್ಮ್ ತುಂಬಿ, ಆ ಚೀಟಿ ಲಗತ್ತಿಸಿ, ಅಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿನ ತೆರಿಗೆಯಿಂದ ಕಳೆಯಲು ಕೇಳಬಹುದು. ಚೀಟಿಯನ್ನು ಹೋಟೆಲಿನ ಬಿಲ್ಲುಗಳ ಜತೆ ಎಸೆದು ಬಂದವರು ಒಂದೇ ಗೆಲುವಿಗೆ ಎರಡೂ ದೇಶಗಳಲ್ಲಿ ತೆರಿಗೆ ಕಟ್ಟಬೇಕಾಗುತ್ತದೆ.