ಒಂಬತ್ತು ಸಾವಿರದ ವ್ಯತ್ಯಾಸ

ಸಹೋದ್ಯೋಗಿ ಕಳಿಸಿದ ಖರ್ಚಿನ ಪಟ್ಟಿಯಲ್ಲಿ ಒಟ್ಟು 1,86,400 ರೂಪಾಯಿ ಇದೆ, ಬಿಲ್ಲುಗಳನ್ನು ಕೂಡಿದರೆ 1,77,400 ಬರುತ್ತದೆ ಎನ್ನಿ. ಉತ್ತರ ಬರೆಯುವ ಮುನ್ನ ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ. 9,000 ಶೇಷವಿಲ್ಲದೆ ಭಾಗವಾಗುತ್ತದೆ. ಅಂಕಿಗಳು ಅದಲುಬದಲಾದಾಗ ಹೀಗಾಗುತ್ತದೆ. ಹುಡುಕಿದರೆ ಬಾಡಿಗೆಯ ಸಾಲಿನಲ್ಲಿ 45,600ರ ಬದಲು 54,600 ಕೂತಿದೆ! ಸೊನ್ನೆ ಬಿಟ್ಟುಹೋದರೂ ವ್ಯತ್ಯಾಸ ಒಂಬತ್ತರಿಂದ ಭಾಗವಾಗುವುದರಿಂದ ಇದು ಸುಳಿವು ಮಾತ್ರ, ಬಿಲ್ ನೋಡಲೇಬೇಕು.

ಈಗ ಉತ್ತರ: “ಮೇಡಂ, ಪಟ್ಟಿ ತಲುಪಿತು. 12ನೇ ಸಾಲಿನಲ್ಲಿ ಬಾಡಿಗೆ 54,600 ಎಂದಿದೆ, ನನ್ನ ಬಳಿಯ ಬಿಲ್ಲಿನಲ್ಲಿ 45,600 ಇದೆ. ಬೇರೆ ಬಿಲ್ ಬಂದಿದೆಯೇ, ಒಮ್ಮೆ ನೋಡುತ್ತೀರಾ? ಉಳಿದ ಸಾಲುಗಳು ತಾಳೆಯಾಗಿವೆ.”

ಆ ಪ್ರಶ್ನೆ ಬರೀ ಮರ್ಯಾದೆಗಲ್ಲ. ಪರಿಷ್ಕೃತ ಬಿಲ್ ನಿಜಕ್ಕೂ ಅವರ ಬಳಿ ಇರಬಹುದು, ಆಗ ತಪ್ಪು ನಿಮ್ಮದೇ. ಕೊನೆಯ ಮಾತಿನಿಂದ ಅವರಿಗೆ ಇಡೀ ಪಟ್ಟಿಯನ್ನು ಮತ್ತೆ ಕೂಡುವ ಕೆಲಸ ತಪ್ಪುತ್ತದೆ.

ಇದು ಅವರೊಬ್ಬರಿಗೇ ಹೋಗಲಿ. ಪಟ್ಟಿ ಆಗಲೇ ಮೇಲಧಿಕಾರಿಗಳಿಗೆ ತಲುಪಿದ್ದರೆ ತಿದ್ದಿದ ಪ್ರತಿಯನ್ನು ಅವರೇ ಕಳಿಸಲಿ. ಹಣ ಅಂದೇ ಪಾವತಿಯಾಗುವುದಿದ್ದರೆ ಮಾತ್ರ ಮೇಲ್ ನಂಬಿ ಕೂರಬೇಡಿ, ಫೋನ್ ಮಾಡಿ.