ಗಡಿಯಾರದಂತೆ ಎಬ್ಬಿಸುವ ತಲೆನೋವು

ಹೊಸಹಳ್ಳಿಯ ಮನೆಯೊಂದನ್ನು ಊಹಿಸಿಕೊಳ್ಳೋಣ. ಮನೆಯ ಹಿರಿಯರಿಗೆ 68 ವರ್ಷ. ರಾತ್ರಿ 10 ಗಂಟೆಗೆ ಮಲಗಿದವರನ್ನು 2 ಗಂಟೆಗೆ ತಲೆನೋವು ಎಬ್ಬಿಸುತ್ತದೆ. ಹಣೆಯ ಎರಡು ಕಡೆಯೂ ಮಂದವಾದ ನೋವು. ಮಲಗಿರಲಾಗದೆ ಎದ್ದು ನಡುಮನೆಯಲ್ಲಿ ಅಡ್ಡಾಡುತ್ತಾರೆ. ಗಂಟೆಯೊಳಗೆ ನೋವು ಇಳಿಯುತ್ತದೆ. ಹಗಲು ಅದರ ಸುಳಿವೇ ಇಲ್ಲ.

“ಮಾವ, ಇವತ್ತೂ ಎರಡು ಗಂಟೆಗೇನಾ?” ಎಂದು ಸೊಸೆ ಕೇಳಿದರೆ, “ಹೂಂನಮ್ಮ, ಗಡಿಯಾರ ನೋಡಬೇಕಾದ್ದೇ ಇಲ್ಲ” ಎನ್ನುತ್ತಾರೆ.

ಇಂಥ ನೋವಿಗೆ ವೈದ್ಯರು ಹಿಪ್ನಿಕ್ ತಲೆನೋವು ಎನ್ನುತ್ತಾರೆ. ನಾವು ನಿದ್ರೆಯ ತಲೆನೋವು ಎನ್ನಬಹುದು. ಅಮೆರಿಕದ ವೈದ್ಯ ನೀಲ್ ರಾಸ್ಕಿನ್ 1988ರಲ್ಲಿ ಆರು ಮಂದಿ ರೋಗಿಗಳಲ್ಲಿ ಇದನ್ನು ಮೊದಲಿಗೆ ವಿವರಿಸಿದರು. ಇದು ವಿರಳವಾದ ಬೇನೆ. ಸಾಮಾನ್ಯವಾಗಿ 50 ದಾಟಿದವರಿಗೆ ಬರುತ್ತದೆ. ನಿದ್ರೆಯಲ್ಲಿ ಮಾತ್ರ ಹುಟ್ಟಿ ಎಬ್ಬಿಸುವುದು, ತಿಂಗಳಿಗೆ ಹತ್ತು ದಿನವಾದರೂ ಬರುವುದು, ಹೀಗೆ ಮೂರು ತಿಂಗಳಿಗೂ ಮೇಲ್ಪಟ್ಟು ನಡೆಯುವುದು ಇದರ ಗುರುತು. ಎದ್ದ ಮೇಲೆ ಕಾಲು ಗಂಟೆಯಿಂದ ನಾಲ್ಕು ಗಂಟೆಯವರೆಗೆ ನೋವು ಇರಬಹುದು. ಮೆದುಳಿನಲ್ಲಿ ನಿದ್ರೆ, ಎಚ್ಚರಗಳ ವೇಳೆಯನ್ನು ನಡೆಸುವ ಹೈಪೊಥಲಾಮಸ್ ಎಂಬ ಭಾಗಕ್ಕೂ ಇದಕ್ಕೂ ಸಂಬಂಧವಿದೆಯೆಂದು ತಜ್ಞರು ಭಾವಿಸುತ್ತಾರೆ.

ಆದರೆ ರಾತ್ರಿ ಎಬ್ಬಿಸುವ ನೋವೆಲ್ಲ ಇದೇ ಅಲ್ಲ. ಗೊರಕೆಯ ನಡುವೆ ಉಸಿರು ನಿಲ್ಲುವುದು, ರಾತ್ರಿ ರಕ್ತದೊತ್ತಡ ಏರುವುದು, ಮಧುಮೇಹದ ಔಷಧದಿಂದ ಸಕ್ಕರೆ ಇಳಿಯುವುದು, ಮೆದುಳಿನಲ್ಲಿ ಗಡ್ಡೆ, ಇವೂ ಹೀಗೆ ಎಬ್ಬಿಸಬಲ್ಲವು. ಒಂದೇ ಕಣ್ಣಿನ ಸುತ್ತ ಸಿಡಿದು ಕಣ್ಣೀರು ಸುರಿದರೆ ಅದು ಬೇರೆಯೇ ಬೇನೆ. ಕಣತಲೆ ಮುಟ್ಟಿದರೆ ನೋವು, ಅಗಿಯುವಾಗ ದವಡೆ ನೋವು, ದೃಷ್ಟಿ ಮಂಕು, ಇವು ಕಂಡರಂತೂ ಅದೇ ದಿನ ವೈದ್ಯರ ಬಳಿ ಹೋಗಬೇಕು. ತಡಮಾಡಿದರೆ ಕಣ್ಣೇ ಹೋದೀತು.

ನಮ್ಮ ಹಿರಿಯರು ಎರಡು ವಾರ ಒಂದು ಪುಸ್ತಕದಲ್ಲಿ ಎದ್ದ ವೇಳೆ, ನೋವು ಇದ್ದಷ್ಟು ಹೊತ್ತು, ನುಂಗಿದ ಮಾತ್ರೆ ಬರೆದಿಟ್ಟರು. 14 ರಾತ್ರಿಗಳಲ್ಲಿ 12 ರಾತ್ರಿ ನೋವು. ನರರೋಗ ವೈದ್ಯರು ಅದನ್ನು ಓದಿ, ರಕ್ತದೊತ್ತಡ ಅಳೆದು, ಮೆದುಳಿನ ಎಂ.ಆರ್.ಐ. ತೆಗೆಸಿದರು. ಬೇರೆ ಕಾರಣ ಸಿಗಲಿಲ್ಲ. ಆಗ ಅವರು ಹೇಳಿದ ಮದ್ದು ಕೇಳಿ ಮನೆಯವರು ನಕ್ಕರು: ಮಲಗುವ ಮುನ್ನ ಒಂದು ಲೋಟ ಗಟ್ಟಿ ಕಾಫಿ!

ಕಾಫಿಯ ಕೆಫೀನ್ ಈ ನೋವನ್ನು ಹಲವರಲ್ಲಿ ತಡೆಯುತ್ತದೆ. ಅವರಲ್ಲಿ ಹೆಚ್ಚಿನವರ ನಿದ್ರೆ ಕೆಡುವುದೂ ಇಲ್ಲ. ಎದೆಬಡಿತದ ತೊಂದರೆ, ಹುಳಿತೇಗು ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಕುಡಿಯಬೇಕು. ನಮ್ಮ ಹಿರಿಯರ ಪುಸ್ತಕದಲ್ಲಿ ಮುಂದಿನ ಎರಡು ವಾರ ಮೂರೇ ರಾತ್ರಿ ನೋವಿನ ಗುರುತು.

ಕಾಫಿ ಸಾಲದಿದ್ದರೆ ಲಿಥಿಯಂ ಅಥವಾ ಇಂಡೊಮೆಥಸಿನ್ ಕೊಡುವುದುಂಟು. ಲಿಥಿಯಂ ಮೂತ್ರಪಿಂಡಕ್ಕೂ ಥೈರಾಯಿಡಿಗೂ ತೊಂದರೆ ಮಾಡಬಲ್ಲದು. ರಕ್ತದಲ್ಲಿ ಅದರ ಪ್ರಮಾಣವನ್ನು ಆಗಾಗ ಪರೀಕ್ಷಿಸಬೇಕು. ರಕ್ತದೊತ್ತಡದ ಕೆಲವು ಮಾತ್ರೆಗಳೊಡನೆ ಅದು ವಿಷದ ಮಟ್ಟಕ್ಕೂ ಏರೀತು. ಇಂಡೊಮೆಥಸಿನ್ ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲದು. ಅಂಗಡಿಯಿಂದ ತಂದ ನೋವಿನ ಮಾತ್ರೆಯನ್ನು ರಾತ್ರಿ ರಾತ್ರಿಯೂ ನುಂಗುತ್ತಿದ್ದರೆ ಅದರಿಂದಲೇ ಹೊಸ ತಲೆನೋವು ಅಂಟಿಕೊಳ್ಳುತ್ತದೆ. ಆದ್ದರಿಂದ ಮಾತ್ರೆಯ ಡಬ್ಬಿಗಿಂತ ಮೊದಲು ಆ ಪುಸ್ತಕ ತಲೆದಿಂಬಿನ ಬಳಿ ಇರಲಿ.